ಎಲ್ಲ ‘ಎಐ’ ಒಂದೇ ಅಲ್ಲ: ಕಬ್ಬಿನ ಫಾರ್ವರ್ಡ್ ಮತ್ತು ಅದನ್ನು ಓದುವುದು ಕಲಿಸುವ ಎರಡು ಪುಸ್ತಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಫೋನುಗಳಿಗೆ ಮರಾಠಿ ಫಾರ್ವರ್ಡ್‌ಗಳೂ ಬರುತ್ತವೆ, ಕನ್ನಡದವೂ ಬರುತ್ತವೆ. ‘ಎಐ ಹೇಳಿದಂತೆ ಬೆಳೆದರೆ ಕಬ್ಬಿನ ಇಳುವರಿ ಶೇ 40 ಜಾಸ್ತಿ’ ಎಂಬುದು ಒಂದು ಬಗೆಯದು. ‘ಎಐ ನಿಮ್ಮ ಹಣವನ್ನು ಷೇರು ಪೇಟೆಯಲ್ಲಿ ತಾನೇ ಬೆಳೆಸುತ್ತದೆ’ ಎಂಬುದು ಇನ್ನೊಂದು ಬಗೆ. ‘ಮಗು ಮುಂದೆ ಏನಾಗುತ್ತದೆಂದು ಎಐ ಈಗಲೇ ಹೇಳುತ್ತದೆ’ ಎಂಬುದು ಮೂರನೆಯದು. ಮೂರರಲ್ಲೂ ಪದ ಒಂದೇ, ಎಐ. ಹಾಗಾದರೆ ಮೂರನ್ನೂ ಒಂದೇ ರೀತಿ ನಂಬಬೇಕೇ, ಇಲ್ಲವೇ ಮೂರನ್ನೂ ಒಂದೇ ರೀತಿ ತಳ್ಳಿಹಾಕಬೇಕೇ?

ಎರಡೂ ತಪ್ಪು. ಯಾಕೆ ಎಂಬುದನ್ನು ಕಂಪ್ಯೂಟರ್ ಓದದವರಿಗೂ ತಿಳಿಯುವಂತೆ ಹೇಳುವ ಕೆಲವು ಪುಸ್ತಕಗಳಿವೆ. ಅವುಗಳಲ್ಲಿ ಎರಡನ್ನು ಹಿಡಿದು ಈ ಫಾರ್ವರ್ಡ್‌ಗಳನ್ನು ಪರೀಕ್ಷಿಸೋಣ.

ಎಲ್ಲ ರೋಗಕ್ಕೂ ಒಂದೇ ಎಣ್ಣೆ

ಮೊದಲನೆಯದು ‘ಎಐ ಸ್ನೇಕ್ ಆಯಿಲ್’. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರವಿಂದ್ ನಾರಾಯಣನ್ ಮತ್ತು ಸಯಾಶ್ ಕಪೂರ್ ಬರೆದ ಇದು 2024ರಲ್ಲಿ ಬಂತು. ಸ್ನೇಕ್ ಆಯಿಲ್ ಎಂದರೆ ಹಾವಿನ ಎಣ್ಣೆ. ನಮ್ಮ ಸಂತೆಗಳಲ್ಲಿ ಮಂಡಿನೋವಿಗೂ ಕೂದಲಿಗೂ ಒಂದೇ ಶೀಸೆ ತೋರಿಸಿ ಮಾರುತ್ತಾರಲ್ಲ, ಅಂಥದ್ದು.

ಎಐ ಎಲ್ಲವೂ ಸುಳ್ಳು ಎಂದು ಲೇಖಕರು ಹೇಳುವುದಿಲ್ಲ. ಒಂದೇ ಹೆಸರಿನಡಿ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ ಎನ್ನುತ್ತಾರೆ. ಎಲ್ಲ ವಾಹನಗಳಿಗೂ ಒಂದೇ ಪದವಿರುವ ಲೋಕವನ್ನು ಊಹಿಸಿಕೊಳ್ಳಿ ಎಂದು ಅವರು ಓದುಗರನ್ನು ಕೇಳುತ್ತಾರೆ. ನಮಗೆ ಅದು ಕಷ್ಟವಲ್ಲ. ಬೈಕಿಗೂ ‘ಗಾಡಿ’, ಟ್ರ್ಯಾಕ್ಟರಿಗೂ ‘ಗಾಡಿ’, ರೈಲಿಗೂ ‘ಗಾಡಿ’ ಅನ್ನುತ್ತೇವೆ. ಯಾರಾದರೂ ‘ಗಾಡಿ ಗಂಟೆಗೆ ನೂರು ಕಿಲೋಮೀಟರ್ ಓಡುತ್ತದೆ’ ಎಂದರೆ ಯಾವ ಗಾಡಿ ಎಂದು ಮೊದಲು ಕೇಳುತ್ತೇವೆ. ಎಐ ವಿಷಯದಲ್ಲಿ ಆ ಪ್ರಶ್ನೆಯನ್ನು ಮರೆಯುತ್ತೇವೆ.

ನಮ್ಮ ಅನುಕೂಲಕ್ಕೆ ಮೂರು ಗುಂಪು ಮಾಡಿಕೊಳ್ಳೋಣ. ಒಂದು, ಎದುರಿಗೆ ಇರುವುದನ್ನು ಗುರುತಿಸುವ ಎಐ: ಎಕ್ಸ್-ರೇಯಲ್ಲಿ ಕ್ಷಯದ ಗುರುತು, ಎಲೆಯ ಮೇಲಿನ ರೋಗ, ಉಪಗ್ರಹ ಚಿತ್ರದಲ್ಲಿ ಬಾಡಿದ ಬೆಳೆ. ಎರಡು, ಹೊಸದಾಗಿ ಬರೆಯುವ, ಚಿತ್ರ ಬಿಡಿಸುವ, ದನಿ ಹುಟ್ಟಿಸುವ ಎಐ. ಮೂರು, ಒಬ್ಬ ಮನುಷ್ಯ ಮುಂದೆ ಏನು ಮಾಡುತ್ತಾನೆ, ಏನಾಗುತ್ತಾನೆ ಎಂದು ಹೇಳುವ ಎಐ. ಮೊದಲನೆಯದರ ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸಬಹುದು, ಏಕೆಂದರೆ ಗುರುತಿಸಬೇಕಾದ ವಸ್ತು ಅಲ್ಲೇ ಇದೆ. ಪುಸ್ತಕದ ಅತಿ ಕಟುವಾದ ಟೀಕೆ ಇರುವುದು ಮೂರನೆಯದರ ಮೇಲೆ.

ಕಬ್ಬಿನ ಫಾರ್ವರ್ಡ್ ಎಷ್ಟು ನಿಜ?

ಇದಕ್ಕೆ ಆಧಾರವಿದೆ. ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಕೃಷಿ ಸಂಸ್ಥೆಯೊಂದು ಮೈಕ್ರೋಸಾಫ್ಟ್ ಜೊತೆ ಸೇರಿ ಕಬ್ಬಿನ ಪ್ರಯೋಗ ನಡೆಸಿತು. ಉಪಗ್ರಹ ಚಿತ್ರ, ಹೊಲದ ಹವಾಮಾನ ಯಂತ್ರ, ಮಣ್ಣಿನ ಸೆನ್ಸರ್‌ಗಳ ಮಾಹಿತಿ ಸೇರಿಸಿ, ಯಾವಾಗ ನೀರು ಬಿಡಬೇಕು, ಎಲ್ಲಿ ಗೊಬ್ಬರ ಬೇಕು ಎಂದು ರೈತರ ಫೋನಿಗೆ ಸಲಹೆ ಕಳಿಸುವ ವ್ಯವಸ್ಥೆ ಇದು. ಪ್ರಯೋಗದ ತಾಕಿನಲ್ಲಿ ಕಬ್ಬಿನ ತೂಕ ಶೇ 30ರಿಂದ 40ರಷ್ಟು ಹೆಚ್ಚಿತ್ತು ಎಂದು ನಡೆಸಿದವರು ಹೇಳಿದರು. ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲ 2025ರ ಫೆಬ್ರುವರಿಯಲ್ಲಿ ಈ ಬಗ್ಗೆ ವಿಡಿಯೊ ಹಂಚಿಕೊಂಡ ಮೇಲೆ ಸುದ್ದಿ ಎಲ್ಲೆಡೆ ಹರಡಿತು.

ಅಂದರೆ ಇದು ಮೊದಲ ಗುಂಪಿನ, ಮಣ್ಣು-ನೀರು-ಎಲೆ ನೋಡಿ ಹೇಳುವ ಎಐ. ತಳ್ಳಿಹಾಕುವಂಥದ್ದಲ್ಲ. ಆದರೆ ನಾರಾಯಣನ್ ಮತ್ತು ಕಪೂರ್ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇಲ್ಲಿಗೂ ಬೇಕು: ಯಾವುದಕ್ಕೆ ಹೋಲಿಸಿ ಹೆಚ್ಚು?

ಲೆಕ್ಕ ಹೀಗೆ. ಒಬ್ಬ ರೈತ ಹಾಯಿನೀರು ಬಿಟ್ಟು, ಮಣ್ಣು ಪರೀಕ್ಷೆ ಇಲ್ಲದೆ ಎಕರೆಗೆ 40 ಟನ್ ತೆಗೆಯುತ್ತಾನೆ ಎಂದಿಟ್ಟುಕೊಳ್ಳಿ. ಪಕ್ಕದ ತಾಕಿನಲ್ಲಿ ಡ್ರಿಪ್ ಹಾಕಿ, ಸಾಲಿನ ಅಂತರ ಹೆಚ್ಚಿಸಿ, ಒಳ್ಳೆಯ ಸಸಿ ನೆಟ್ಟು, ಮಣ್ಣು ಪರೀಕ್ಷೆ ಮಾಡಿಸಿ, ಎಐ ಸಲಹೆಯಂತೆ ನೀರು ಕೊಟ್ಟಾಗ 54 ಟನ್ ಬಂತು. ಹೆಚ್ಚಾದದ್ದು 14 ಟನ್. ಫಾರ್ವರ್ಡ್ ಅಷ್ಟನ್ನೂ ಎಐ ಹೆಸರಿಗೆ ಬರೆಯುತ್ತದೆ.

ಆದರೆ ಮೂರನೇ ತಾಕೊಂದು ಬೇಕಿತ್ತು. ಅದೇ ಡ್ರಿಪ್, ಅದೇ ಸಸಿ, ಅದೇ ಅಂತರ, ಅದೇ ಮಣ್ಣು ಪರೀಕ್ಷೆ ಇರಬೇಕು, ಎಐ ಸಲಹೆ ಮಾತ್ರ ಇರಬಾರದು. ಅಲ್ಲಿ 50 ಟನ್ ಬಂದರೆ ಎಐನ ನಿಜವಾದ ಪಾಲು 4 ಟನ್. ಟನ್ನಿಗೆ 3,300 ರೂಪಾಯಿ ಹಿಡಿದರೆ 14 ಟನ್ನಿಗೆ 46,200 ರೂಪಾಯಿ, 4 ಟನ್ನಿಗೆ 13,200 ರೂಪಾಯಿ. ಸೆನ್ಸರ್ ಮತ್ತು ಆ್ಯಪ್‌ನ ಖರ್ಚನ್ನು ತೂಗಬೇಕಾದದ್ದು ಈ ಎರಡನೇ ಮೊತ್ತದ ಜೊತೆ. ಈ ಟನ್ನುಗಳು ಉದಾಹರಣೆಗಾಗಿ ಕೊಟ್ಟವು. ಎಐ ಪಾಲು ಇದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಮೂರನೇ ತಾಕಿನ ಲೆಕ್ಕ ಕೊಡದ ಫಾರ್ವರ್ಡ್‌ನಿಂದ ಅದು ಗೊತ್ತಾಗುವುದಿಲ್ಲ.

ಇನ್ನೊಂದು ಮಾತು ಜಾಗದ್ದು. ಇಂಥ ವ್ಯವಸ್ಥೆ ತಾನು ಕಲಿತ ಹೊಲಗಳಂಥ ಹೊಲದಲ್ಲಿ ಚೆನ್ನಾಗಿ ನಡೆಯುತ್ತದೆ. ಕೃಷ್ಣಾ ದಂಡೆಯ ಕಪ್ಪು ಮಣ್ಣಿನಲ್ಲಿ, ಅದರಲ್ಲೂ ಸವಳು-ಜವಳಾದ ಹೊಲದಲ್ಲಿ, ಅದೇ ಸಲಹೆ ಹೊಂದುತ್ತದೆಯೇ ಎಂಬುದನ್ನು ಇಲ್ಲಿಯೇ ನೋಡಬೇಕು. ಮಾರಲು ಬಂದವರನ್ನು ‘ನಮ್ಮಂಥ ಮಣ್ಣಿನಲ್ಲಿ ಎಷ್ಟು ಹಂಗಾಮು ನೋಡಿದ್ದೀರಿ?’ ಎಂದು ಕೇಳಿ.

ಯಂತ್ರ ಸರಿಯಾಗಿ ಕಲಿತೂ ತಪ್ಪು ಹೇಳಬಹುದು

ಎಐ ಕುರಿತ ಪುಸ್ತಕಗಳಲ್ಲಿ ಪದೇ ಪದೇ ಬರುವ ಒಂದು ಪ್ರಕರಣವಿದೆ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ನ್ಯುಮೋನಿಯಾ ರೋಗಿಗಳಲ್ಲಿ ಯಾರಿಗೆ ಅಪಾಯ ಹೆಚ್ಚು ಎಂದು ಕಂಪ್ಯೂಟರಿಗೆ ಕಲಿಸಿದರು. ಅಸ್ತಮಾ ಇರುವವರಿಗೆ ಅಪಾಯ ಕಡಿಮೆ ಎಂಬ ಪಾಠ ಅದರೊಳಗೆ ಸೇರಿಕೊಂಡಿತ್ತು. ಉಸಿರಾಟದ ತೊಂದರೆ ಇರುವವರಿಗೆ ನ್ಯುಮೋನಿಯಾ ಬಂದರೆ ಅಪಾಯ ಹೆಚ್ಚೆಂದು ಯಾವ ವೈದ್ಯರಾದರೂ ಹೇಳುತ್ತಾರೆ.

ಮಾಹಿತಿಯಲ್ಲಿ ತಪ್ಪಿರಲಿಲ್ಲ. ಅಸ್ತಮಾ ರೋಗಿಗಳನ್ನು ವೈದ್ಯರು ತಕ್ಷಣ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು, ಹೆಚ್ಚು ಆರೈಕೆ ಸಿಕ್ಕಿದ್ದರಿಂದ ಅವರು ಹೆಚ್ಚಾಗಿ ಬದುಕುತ್ತಿದ್ದರು. ಆರೈಕೆಯ ಫಲವನ್ನು ಯಂತ್ರ ಅಸ್ತಮಾದ ಗುಣವೆಂದು ಓದಿತು. ಅದರ ಮಾತು ಕೇಳಿ ಅವರನ್ನು ಮನೆಗೆ ಕಳಿಸಿದ್ದರೆ ಜೀವಕ್ಕೇ ಕುತ್ತು. ಹಾಗಾಗಿ ‘ಎಐ ವೈದ್ಯರಿಗಿಂತ ನಿಖರ’ ಎಂಬ ಸಂದೇಶ ಬಂದಾಗ ‘ಎಷ್ಟು ನಿಖರ’ ಎಂದು ಕೇಳಿದರೆ ಸಾಲದು, ಅದರ ಮಾತಿನಂತೆ ನಡೆದರೆ ಏನಾಗುತ್ತದೆ ಎಂದೂ ಕೇಳಬೇಕು.

ಮನುಷ್ಯನ ಭವಿಷ್ಯ ಹೇಳುವ ಎಐ

ಮಗುವಿನ ಭವಿಷ್ಯದ ಫಾರ್ವರ್ಡ್‌ಗೆ ಈ ಪುಸ್ತಕದಲ್ಲೇ ನೇರ ಉತ್ತರವಿದೆ. ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳ ಕುಟುಂಬಗಳನ್ನು ಹುಟ್ಟಿನಿಂದ ವರ್ಷಗಟ್ಟಲೆ ಅಧ್ಯಯನ ಮಾಡಿ, ಪ್ರತಿ ಕುಟುಂಬದ ಬಗ್ಗೆ ಸಾವಿರಾರು ವಿವರ ಸಂಗ್ರಹಿಸಿದ್ದರು. ಮಗು ಒಂಬತ್ತು ವರ್ಷದವರೆಗಿನ ವಿವರ ಕೊಟ್ಟು, ಹದಿನೈದನೇ ವಯಸ್ಸಿನಲ್ಲಿ ಅದರ ಅಂಕ, ಮನೆಯ ಪರಿಸ್ಥಿತಿ ಹೇಗಿರುತ್ತದೆಂದು ಹೇಳುವ ಸ್ಪರ್ಧೆ ಇಟ್ಟರು. 160 ತಂಡಗಳು ಆಧುನಿಕ ವಿಧಾನಗಳನ್ನೆಲ್ಲ ಬಳಸಿದವು. ನಾಲ್ಕೇ ವಿವರ ಹಾಕಿ ಮಾಡಿದ ಹಳೆಯ ಸರಳ ಲೆಕ್ಕಕ್ಕಿಂತ ಅತ್ಯುತ್ತಮ ತಂಡವೂ ಸ್ವಲ್ಪವೇ ಮುಂದಿತ್ತು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅಷ್ಟು ಮಾಹಿತಿ ಇದ್ದೂ ಆಗದ್ದು ಒಂದು ಫೋಟೊ, ಒಂದು ಜನ್ಮದಿನಾಂಕದಿಂದ ಆಗುವುದಿಲ್ಲ.

ಷೇರು ಪೇಟೆಯ ಫಾರ್ವರ್ಡ್ ಎರಡು ಗುಂಪುಗಳನ್ನು ಬೆರೆಸುತ್ತದೆ. ಮುಖ ಮತ್ತು ದನಿ ಹುಟ್ಟಿಸುವ ಎಐ ನಿಜವಾಗಿ ಕೆಲಸ ಮಾಡುತ್ತದೆ. ಅದನ್ನು ಬಳಸಿ, ಲಾಭ ತಪ್ಪದೆ ತರುವ ಎಐ ಇದೆ ಎಂಬ ಸುಳ್ಳನ್ನು ಮಾರುತ್ತಾರೆ. ಇನ್ಫೊಸಿಸ್‌ನ ನಾರಾಯಣ ಮೂರ್ತಿ ಅವರ ಹೆಸರಿನಲ್ಲಿ ಇಂಥ ನಕಲಿ ವಿಡಿಯೊಗಳು ಹರಡಿದಾಗ, ಆ ಟ್ರೇಡಿಂಗ್ ಆ್ಯಪ್‌ಗಳಿಗೂ ತಮಗೂ ಸಂಬಂಧವಿಲ್ಲವೆಂದು ಅವರೇ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಿದರು. ಇಂಥ ವಿಡಿಯೊದಲ್ಲಿ ತುಟಿ ದನಿಗೆ ಹೊಂದುತ್ತದೆಯೇ ಎಂದು ಹುಡುಕುತ್ತ ಕೂರಬೇಡಿ, ಈಗಿನ ನಕಲು ಹೊಂದಿಸಿಯೇ ಇರುತ್ತದೆ. ಖಚಿತ ಲಾಭದ ಮಾತು ಬಂದರೆ ಸಾಕು, ಅದು ಮೋಸ.

ತಪ್ಪಾದರೆ ಯಾರನ್ನು ಕೇಳುವುದು?

ಎರಡನೇ ಪುಸ್ತಕ ಗಣಿತಜ್ಞೆ ಕ್ಯಾಥಿ ಓನೀಲ್ 2016ರಲ್ಲಿ ಬರೆದ ‘ವೆಪನ್ಸ್ ಆಫ್ ಮ್ಯಾತ್ ಡಿಸ್ಟ್ರಕ್ಷನ್’. ಒಂದು ಲೆಕ್ಕ ಯಾವಾಗ ಜನರಿಗೆ ಹಾನಿಯಾಗುತ್ತದೆ ಎಂಬುದಕ್ಕೆ ಅದು ಮೂರು ಗುರುತು ಕೊಡುತ್ತದೆ: ಒಳಗಿನ ಲೆಕ್ಕ ಯಾರಿಗೂ ಕಾಣುವುದಿಲ್ಲ, ಬಹಳ ಜನರ ಮೇಲೆ ಒಮ್ಮೆಗೇ ಬಳಕೆಯಾಗುತ್ತದೆ, ತಪ್ಪಾದಾಗ ಬದುಕಿಗೆ ಪೆಟ್ಟು ಬೀಳುತ್ತದೆ.

ಅವರ ಉದಾಹರಣೆ ವಾಷಿಂಗ್ಟನ್‌ನ ಒಬ್ಬ ಶಿಕ್ಷಕಿಯದು. ಪಾಲಕರೂ ಮುಖ್ಯೋಪಾಧ್ಯಾಯರೂ ಮೆಚ್ಚಿದ್ದ ಅವರನ್ನು 2011ರಲ್ಲಿ ಕಂಪ್ಯೂಟರ್ ಕೊಟ್ಟ ಅಂಕದ ಆಧಾರದ ಮೇಲೆ ಕೆಲಸದಿಂದ ತೆಗೆದರು. ಮಕ್ಕಳ ಅಂಕ ಹಿಂದಿನ ವರ್ಷಕ್ಕಿಂತ ಎಷ್ಟು ಏರಿತು ಎಂಬುದು ಲೆಕ್ಕ. ಹಿಂದಿನ ಶಾಲೆಯಲ್ಲೇ ಉತ್ತರ ತಿದ್ದಿ ಅಂಕ ಉಬ್ಬಿಸಿದ್ದರೆಂಬ ಅನುಮಾನ ಅವರಿಗಿತ್ತು. ಹಾಗಿದ್ದರೆ ಪ್ರಾಮಾಣಿಕವಾಗಿ ಕಲಿಸಿದವರ ಕಾಲದಲ್ಲಿ ಅಂಕ ಇಳಿದಂತೆಯೇ ಕಾಣುತ್ತದೆ. ಅಂಕ ಹೇಗೆ ಬಂತೆಂದು ಅವರಿಗೆ ವಿವರಿಸಬಲ್ಲವರೇ ಸಿಗಲಿಲ್ಲ.

ನಮ್ಮ ಸಿಬಿಲ್ ಅಂಕದ ಜೊತೆ ಹೋಲಿಸಿ ನೋಡಿ. ಅದೂ ಕಂಪ್ಯೂಟರ್ ಲೆಕ್ಕವೇ. ಆದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯಬಹುದು. ತೀರಿಸಿದ ಸಾಲ ಬಾಕಿ ಎಂದಿದ್ದರೆ ತಕರಾರು ಸಲ್ಲಿಸಬಹುದು. ಫೋನಿನ ಕಾಂಟ್ಯಾಕ್ಟು, ಫೋಟೊ ಎಲ್ಲ ಕೇಳಿ ‘ನಮ್ಮ ಎಐ ನಿಮ್ಮ ಅರ್ಹತೆ ನಿರ್ಧರಿಸುತ್ತದೆ’ ಎನ್ನುವ ಸಾಲದ ಆ್ಯಪ್‌ನಲ್ಲಿ ಆ ಎರಡು ಬಾಗಿಲು ಎಲ್ಲಿವೆ ಎಂದು ಮೊದಲು ಹುಡುಕಿ. ಸಿಗದಿದ್ದರೆ ಹಿಂದೆ ಸರಿಯಿರಿ.

ಎರಡೂ ಪುಸ್ತಕಗಳಿಗೆ ಮಿತಿಯಿದೆ. ಉದಾಹರಣೆಗಳು ಬಹುಪಾಲು ಅಮೆರಿಕದವು, ಓನೀಲ್ ಪುಸ್ತಕ ಈಗಿನ ಬರೆಯುವ ಎಐಗಿಂತ ಹಿಂದಿನದು. ಭಾರತದ ಚಿತ್ರ ಬೇಕೆಂದರೆ ಮಧುಮಿತಾ ಮುರ್ಗಿಯಾ ಅವರ ‘ಕೋಡ್ ಡಿಪೆಂಡೆಂಟ್’ (2024) ನೋಡಬಹುದು. ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ಆಸ್ಪತ್ರೆಯಲ್ಲಿ ಎಕ್ಸ್-ರೇ ಓದುವ ಎಐ ಬಳಸುವ ವೈದ್ಯೆಯ ಕಥೆ ಅದರಲ್ಲಿದೆ. ಮನೆಯಲ್ಲಿ ಇಂಗ್ಲಿಷ್ ಓದುವ ಮಕ್ಕಳಿದ್ದರೆ ‘ಎಐ ಸ್ನೇಕ್ ಆಯಿಲ್’ನ ಮೊದಲ ಮೂರು ಅಧ್ಯಾಯ ಓದಿ ಹೇಳಲು ಹೇಳಿ, ಮೇಲಿನ ಬಹುಪಾಲು ವಾದ ಅಲ್ಲಿದೆ.

ಮುಂದಿನ ಬಾರಿ ಎಐ ಎಂಬ ಪದವಿರುವ ಸಂದೇಶ ಬಂದರೆ, ಹಂಚುವ ಮುನ್ನ ಮೂರು ಪ್ರಶ್ನೆ ಹಾಕಿಕೊಳ್ಳಿ. ಇದು ಯಾವ ಗಾಡಿ? ಯಾವುದಕ್ಕೆ ಹೋಲಿಸಿ ಹೆಚ್ಚು? ತಪ್ಪಾದರೆ ಯಾರನ್ನು ಕೇಳುವುದು? ಕಬ್ಬಿನ ಸಂದೇಶ ಮೊದಲ ಪ್ರಶ್ನೆ ದಾಟುತ್ತದೆ, ಎರಡನೆಯದರಲ್ಲಿ ನಿಲ್ಲುತ್ತದೆ. ಷೇರು ಪೇಟೆಯದು ಮತ್ತು ಮಗುವಿನ ಭವಿಷ್ಯದ್ದು ಮೊದಲನೆಯದರಲ್ಲೇ ಬೀಳುತ್ತವೆ.