ಆ ಐದು ನಿಮಿಷಕ್ಕೆ ಬೇಕಾದಷ್ಟೇ

ಹಿಂದಿನ ಆಫೀಸಿನಲ್ಲಿ ನನಗೆ ಫಿಟ್ಸ್ ಬಂದಾಗ ಯಾರೋ ಹಲ್ಲಿನ ಮಧ್ಯೆ ಸ್ಪೂನ್ ತುರುಕಿದ್ರು. ಮುಂದಿನ ಹಲ್ಲು ಮುರೀತು. ಅವರದೇನೂ ತಪ್ಪಿಲ್ಲ, ನಾನು ಯಾರಿಗೂ ಏನೂ ಹೇಳಿರಲಿಲ್ಲ.

ಈಗ ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಕಡೆ ಹೊಸ ಕೆಲಸಕ್ಕೆ ಹೋಗ್ತೀನಿ. ಇಲ್ಲಿ ಹೇಳೋದಕ್ಕೂ ಭಯವಿತ್ತು. ಟೀಮಿನಲ್ಲಿ ನಮ್ಮೂರಿನವರೇ ಇಬ್ಬರು, ಮನೆಯಲ್ಲಿ ನನಗೆ ಹುಡುಗಿ ನೋಡ್ತಿದ್ದಾರೆ. ಮೂರ್ಛೆರೋಗ ಇದ್ದರೆ ಮದುವೆ ರದ್ದು ಮಾಡಿಸಬಹುದು ಎಂಬ ಅಂಶವನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದಿದ್ದಾರೆ. ಆದರೆ ಊರಿನ ಬಾಯಿಗೆ ತಿದ್ದುಪಡಿ ಇಲ್ಲವಲ್ಲ!

ಕೊನೆಗೆ ಒಂದು ಲೆಕ್ಕ ಹಾಕಿದೆ. ನನ್ನನ್ನು ನೋಡಿಕೊಳ್ಳೋರಿಗೆ ಆ ಐದು ನಿಮಿಷದಲ್ಲಿ ಉಪಯೋಗಕ್ಕೆ ಬರೋದಷ್ಟೇ ಹೇಳೋದು. ಯಾವಾಗಿನಿಂದ ಇದೆ, ಯಾಕೆ ಬಂತು, ಸ್ಕ್ಯಾನಲ್ಲಿ ಏನಿತ್ತು ಅನ್ನೋದೆಲ್ಲ ನನ್ನದು.

ಎಚ್‌ಆರ್ ಮೇಡಂಗೆ ಡಾಕ್ಟರ ಪತ್ರ ಕೊಟ್ಟೆ. ಕೆಲಸಕ್ಕೆ ಫಿಟ್, ಫಿಟ್ಸ್ ಬಂದರೆ ಪ್ರಥಮ ಚಿಕಿತ್ಸೆ ಬೇಕು ಅಂತಷ್ಟೇ ಅದರಲ್ಲಿತ್ತು. ಜೊತೆಗೆ ಅಕ್ಕನ ನಂಬರ್. ಮಾತ್ರೆಯ ಹೆಸರು, ಡೋಸ್ ಬರೆದ ಚೀಟಿ ನನ್ನ ಪರ್ಸಿನಲ್ಲೇ ಇದೆ. ಆಸ್ಪತ್ರೆಗೆ ಹೋದರೆ ಮಾತ್ರ ತೆಗೆಯಿರಿ ಅಂದೆ. ‘ಟೀಮಿಗೆಲ್ಲ ಮೇಲ್ ಹಾಕ್ಲಾ?’ ಅಂದ್ರು. ‘ಬೇಡ ಮೇಡಂ, ಅಕ್ಕಪಕ್ಕ ಕೂರೋ ಇಬ್ಬರಿಗೆ ನಾನೇ ಹೇಳ್ತೀನಿ.’

ಕ್ಯಾಂಟೀನಿನಲ್ಲಿ ಆ ಇಬ್ಬರಿಗೆ ಹೇಳಿದ್ದು ಇಷ್ಟು. ಬಿದ್ದ ತಕ್ಷಣ ಟೈಮ್ ನೋಡು. ಕುರ್ಚಿ, ಮೇಜು ಸರಿಸಿ, ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಡು. ಕೈಕಾಲು ಅದುಮಿ ಹಿಡೀಬೇಡ, ಬಾಯಿಗೆ ಏನೂ ಹಾಕ್ಬೇಡ. ನಾಲಿಗೆ ನುಂಗಿಬಿಡ್ತಾನೆ ಅನ್ನೋದು ಸುಳ್ಳು. ಅದುರೋದು ನಿಂತ ಮೇಲೆ ಮಗ್ಗುಲಿಗೆ ಮಲಗಿಸು, ಜೊಲ್ಲು ಹೊರಗೆ ಹರಿಯುತ್ತೆ, ಉಸಿರಿಗೆ ಅಡ್ಡಿಯಾಗಲ್ಲ. ಐದು ನಿಮಿಷ ದಾಟಿದರೆ, ಎಚ್ಚರವಾಗೋ ಮೊದಲೇ ಇನ್ನೊಂದು ಬಂದರೆ, ಪೆಟ್ಟಾಗಿದ್ದರೆ, ಉಸಿರಾಟ ಸರಿಯಿಲ್ಲ ಅನಿಸಿದರೆ 108ಕ್ಕೆ ಫೋನ್ ಮಾಡು.

‘ಯಾಕೆ ಬರುತ್ತೆ ಮಗಾ?’ ಅಂತ ಒಬ್ಬ ಕೇಳಿದ. ‘ಅದು ನಿನಗೆ ಬೇಕಾಗಲ್ಲ ಬಿಡು’ ಅಂದೆ. ನಕ್ಕು ಸುಮ್ಮನಾದ.

ಎರಡು ತಿಂಗಳ ಮೇಲೆ, ಊಟ ಮುಗಿಸಿ ಬಂದವನು ಸೀಟಿನ ಪಕ್ಕದಲ್ಲೇ ಬಿದ್ದೆನಂತೆ. ಹೌಸ್‌ಕೀಪಿಂಗ್ ಆಂಟಿ ಬೀಗದ ಕೈ ಗೊಂಚಲು ಹಿಡಿದು ಓಡಿ ಬಂದ್ರಂತೆ. ಇವನು ‘ಕಬ್ಬಿಣ ಬೇಡ ಆಂಟಿ, ಆ ಕುರ್ಚಿ ಎಳೀರಿ’ ಅಂದನಂತೆ. ಫೋನ್ ಎತ್ತಿ ವಿಡಿಯೋ ಮಾಡ್ತಿದ್ದವನನ್ನು ಇನ್ನೊಬ್ಬ ಹೊರಗೆ ಕಳಿಸಿದ. ಎರಡು ನಿಮಿಷ ಹತ್ತು ಸೆಕೆಂಡ್. ಯಾರೋ ನೀರು ತಂದರೆ, ಪೂರ್ತಿ ಎಚ್ಚರವಾಗೋವರೆಗೂ ಬೇಡ ಅಂತ ತಡೆದ.

ಅರ್ಧ ಗಂಟೆ ನನಗೆ ಮಂಕು. ತಿಳಿಯಾದಾಗ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದ. ಪರ್ಸ್ ನನ್ನ ಜೇಬಿನಲ್ಲೇ ಇತ್ತು, ಚೀಟಿಯ ಮಡಿಕೆ ಬಿಚ್ಚಿರಲಿಲ್ಲ.