ಅಂಗಡಿಯ ಬೋರ್ಡು ಕಾನೂನಲ್ಲ

ಪುಣೆಯ ಅಂಗಡಿಯಾಗಲಿ, ಹೈದರಾಬಾದಿನದಾಗಲಿ, ಬಿಲ್ಲಿಂಗ್ ಕೌಂಟರಿನ ಹಿಂದೆ ಒಂದು ಬೋರ್ಡು ಇದ್ದೇ ಇರುತ್ತದೆ: ‘ನೋ ಎಕ್ಸ್‌ಚೇಂಜ್, ನೋ ರೀಫಂಡ್’. ಬಿಲ್ಲಿನ ಕೆಳಗೂ ಅದೇ ಸಾಲು ಸಣ್ಣ ಅಕ್ಷರದಲ್ಲಿ. ಪರವೂರಿನಲ್ಲಿರುವ ನಮ್ಮಂಥವರು ಅದನ್ನು ಓದಿ ಸುಮ್ಮನಾಗುತ್ತೇವೆ. ಭಾಷೆ ಸರಿಯಾಗಿ ಬಾರದ ಊರಲ್ಲಿ ಜಗಳ ಯಾಕೆ ಎನ್ನುವ ಹಿಂಜರಿಕೆಯೂ ಜೊತೆಗಿರುತ್ತದೆ.

ಆ ಬೋರ್ಡಿಗೆ ಒಂದು ಮಟ್ಟಿಗೆ ಬೆಲೆಯಿದೆ. ಮಿಕ್ಸಿಯ ಬಣ್ಣ ಮನೆಯವರಿಗೆ ಹಿಡಿಸಲಿಲ್ಲ, ಪಕ್ಕದ ಅಂಗಡಿಯಲ್ಲಿ ಐನೂರು ರೂಪಾಯಿ ಕಡಿಮೆ ಎಂದು ವಾಪಸ್ ಒಯ್ದರೆ ಅಂಗಡಿಯವರು ಒಲ್ಲೆ ಎನ್ನಬಹುದು. ಆದರೆ ವಸ್ತುವಿನಲ್ಲೇ ದೋಷವಿದ್ದರೆ ಲೆಕ್ಕ ಬೇರೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 2(47) ‘ಅನುಚಿತ ವ್ಯಾಪಾರ ಪದ್ಧತಿ’ ಯಾವುದೆಂದು ಹೇಳುತ್ತದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸುವುದೂ ಅದರಲ್ಲಿ ಸೇರಿದೆ. ಅಂದರೆ ಬೋರ್ಡು ತೋರಿಸಿ ದೋಷದ ವಸ್ತುವನ್ನು ತಿರಸ್ಕರಿಸುವವರು ಕಾಯ್ದೆ ತಪ್ಪು ಎಂದದ್ದನ್ನೇ ಮಾಡುತ್ತಿರುತ್ತಾರೆ.

ಹಾಗಾದರೆ ದೋಷ ವಸ್ತುವಿನದೇ ಎಂದು ತೋರಿಸುವುದು ಹೇಗೆ? ವಾದವೆಲ್ಲ ಗೆಲ್ಲುವುದು, ಸೋಲುವುದು ಇಲ್ಲೇ. ಪುಣೆಯಲ್ಲಿರುವ ನನ್ನ ಗೆಳೆಯನೊಬ್ಬ ಹುಬ್ಬಳ್ಳಿಯವನು. ಅವನು ಕೊಂಡ ವಾಷಿಂಗ್ ಮಷಿನ್ ಹನ್ನೆರಡನೇ ದಿನದಿಂದ ಮನೆಯ ಆರ್‌ಸಿಸಿಬಿಯನ್ನು, ಅಂದರೆ ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚನ್ನು, ಟ್ರಿಪ್ ಮಾಡತೊಡಗಿತು. ‘ನಿಮ್ಮ ಮನೆ ವೈರಿಂಗ್ ಸರಿ ಇಲ್ಲ’ ಎಂದರು ಅಂಗಡಿಯವರು. ಅವನು ತಣ್ಣೀರಿನಲ್ಲಿ ಒಗೆಯುವ ಪ್ರೋಗ್ರಾಂ ಹಾಕಿ ನೋಡಿದ, ಪೂರ್ತಿ ಓಡಿತು. 60 ಡಿಗ್ರಿಯದು ಹಾಕಿದರೆ ಹೀಟರ್ ಆನ್ ಆದೊಡನೆ ಕರೆಂಟು ಹೋಗುತ್ತಿತ್ತು. ಅದೇ ಸಾಕೆಟ್‌ನಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿದರೆ ಏನೂ ಆಗಲಿಲ್ಲ. ಹೀಟರಿನ ಒಳಗಿನ ನಿರೋಧಕಕ್ಕೆ ತೇವ ಸೇರಿದರೆ ಕರೆಂಟು ಲೋಹದ ಮೈಗೆ ಸೋರುತ್ತದೆ. ಮನೆಯ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿ ಆಂಪಿಯರ್ ದಾಟುವುದರೊಳಗೆ ಸಂಪರ್ಕ ಕಡಿಯುತ್ತದೆ. ಸ್ವಿಚ್ಚು ತನ್ನ ಕೆಲಸ ಮಾಡಿತ್ತು, ಕೆಟ್ಟಿದ್ದು ಮಷಿನ್.

ಕಂಪನಿಯ ಟೆಕ್ನಿಷಿಯನ್ ಬಂದು ಹೀಟರ್ ಬದಲಿಸಿದ. ನಾಲ್ಕೇ ದಿನಕ್ಕೆ ಮತ್ತೆ ಅದೇ ಕಥೆ. ಗೆಳೆಯ ಮಾಡಿದ ಜಾಣತನವೆಂದರೆ, ಎರಡೂ ಸಲ ಜಾಬ್ ಶೀಟಿನಲ್ಲಿ ‘ಹೀಟರ್ ಲೀಕೇಜ್’ ಎಂದು ಬರೆಯಿಸಿಕೊಂಡದ್ದು. ‘ಚೆಕ್ ಮಾಡಿದೆ, ಓಕೆ’ ಎಂದಷ್ಟೇ ಬರೆದ ಶೀಟಿಗೆ ಸಹಿ ಹಾಕಿದ್ದರೆ ಅದೇ ಕಾಗದ ಅವನ ವಿರುದ್ಧ ನಿಲ್ಲುತ್ತಿತ್ತು. ಇಂಥ ಪುರಾವೆ ಇಲ್ಲದಿದ್ದರೆ, ಆಯೋಗವು ವಸ್ತುವನ್ನು ಲ್ಯಾಬಿಗೆ ಕಳಿಸಬಹುದು. ಅದರ ಶುಲ್ಕವನ್ನು ಮೊದಲು ದೂರುದಾರನೇ ಕಟ್ಟಬೇಕಾಗುತ್ತದೆ.

ಅಂಗಡಿಯವರು ಆಮೇಲೂ ಬಗ್ಗಲಿಲ್ಲ. ‘ಕಂಪನಿಯನ್ನೇ ಕೇಳಿ’ ಎಂದರು. ಕಾಯ್ದೆಯ ಪ್ರಕಾರ ‘ವ್ಯಾಪಾರಿ’ ಎಂದರೆ ಮಾರಿದವರೂ ಹೌದು, ತಯಾರಿಸಿದವರೂ ಹೌದು. ಇಬ್ಬರನ್ನೂ ಪ್ರತಿವಾದಿ ಮಾಡಬಹುದು. ಅಷ್ಟರಲ್ಲಿ ಗೆಳೆಯನಿಗೆ ಚೆನ್ನೈಗೆ ವರ್ಗವಾಯಿತು. ಅದು ತಿಳಿದ ಅಂಗಡಿಯವರಿಗೆ ಇನ್ನಷ್ಟು ಧೈರ್ಯ: ‘ಕೇಸಿಗೆ ಅಂತ ಪ್ರತಿ ತಿಂಗಳು ಪುಣೆಗೆ ಬರ್ತೀರಾ?’

ಹಳೆಯ 1986ರ ಕಾಯ್ದೆಯಡಿ ಆ ಮಾತಿಗೆ ಅರ್ಥವಿತ್ತು. ಆಗ ಅಂಗಡಿಯಿರುವ ಊರಲ್ಲೋ, ವ್ಯಾಜ್ಯ ಹುಟ್ಟಿದ ಊರಲ್ಲೋ ದೂರು ಕೊಡಬೇಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯ ಕಲಂ 34, ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಲು ಬಿಡುತ್ತದೆ. ನಮ್ಮಂಥ ವಲಸಿಗರಿಗೆ ಇಡೀ ಕಾಯ್ದೆಯಲ್ಲಿ ಇದಕ್ಕಿಂತ ಉಪಕಾರದ ಸಾಲು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವೂ ಇಲ್ಲ, ವಕೀಲರೂ ಕಡ್ಡಾಯವಲ್ಲ.

ಗೆಳೆಯ ಇಪ್ಪತ್ತಾರನೇ ದಿನ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪುಟದ ಪತ್ರ ಕಳಿಸಿದ. ಬಿಲ್ಲು, ಎರಡು ಜಾಬ್ ಶೀಟು, ಕಲಂ 2(47)ರ ಉಲ್ಲೇಖ, ‘15 ದಿನದಲ್ಲಿ ಹಣ ಕೊಡಿ ಅಥವಾ ಹೊಸ ಮಷಿನ್ ಕೊಡಿ, ಇಲ್ಲವಾದರೆ ಚೆನ್ನೈ ಜಿಲ್ಲಾ ಆಯೋಗದಲ್ಲಿ ದೂರು’ ಎಂಬ ಸಾಲು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಿಸಿದ. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಅದು ಕಂಪನಿಗೆ ವಿಷಯ ಮುಟ್ಟಿಸುತ್ತದೆ ಅಷ್ಟೆ. ಒಂಬತ್ತನೇ ದಿನ ಅಂಗಡಿಯಿಂದ ಫೋನ್ ಬಂತು, ಹೊಸ ಮಷಿನ್ ಕೊಡುತ್ತೇವೆ ಎಂದು.

30 ದಿನ ದಾಟಿದ ಮೇಲೆ ದೋಷ ಕಂಡವರು ಕೈಬಿಡಬೇಕಿಲ್ಲ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬಹುದು. ದೋಷ ಸಾಬೀತಾದರೆ ದುರಸ್ತಿ, ಬದಲಿ ವಸ್ತು, ಹಣ ವಾಪಸಿ, ಪರಿಹಾರ ಎಲ್ಲಕ್ಕೂ ಆದೇಶಿಸುವ ಅಧಿಕಾರ ಆಯೋಗಕ್ಕಿದೆ. ಅಂಗಡಿಯವರು ‘ಬಿಲ್ ಇಲ್ಲದೆ ತಗೊಂಡ್ರೆ ಸಾವಿರ ಕಡಿಮೆ’ ಎಂದಾಗ ಮಾತ್ರ, ಆ ಸಾವಿರ ಯಾವುದರ ಬೆಲೆ ಎಂದು ಯೋಚಿಸಿ ಒಪ್ಪಿ.