ಗೌರವಧನ ಎಂಬ ಆಪದ್ಧನ

ಸಮುದಾಯ ಬಾನುಲಿಗೆ ದುಡ್ಡಿಲ್ಲ ಎಂದರೆ ಈಗ ಸಿದ್ಧ ಉತ್ತರ ಬರುತ್ತದೆ: 2024ರ ಮಾರ್ಗಸೂಚಿ ಜಾಹೀರಾತಿನ ಮಿತಿಯನ್ನು ಗಂಟೆಗೆ 7 ನಿಮಿಷದಿಂದ 12ಕ್ಕೆ ಏರಿಸಿದೆ, ದರವೂ 10 ಸೆಕೆಂಡಿಗೆ 74 ರೂಪಾಯಿಯಾಗಿದೆ. ಗುಣಿಸಿದರೆ ಗಂಟೆಗೆ 5,328 ರೂಪಾಯಿ! ಆದರೆ ಅದು 72 ತುಣುಕೂ ಮಾರಾಟವಾದರೆ. ಮಿತಿಯನ್ನೇ ಆದಾಯವೆಂದು ಬರೆದುಕೊಳ್ಳುವ ಈ ಚಾಳಿಯ ಬಗ್ಗೆಯೇ ನನ್ನ ತಕರಾರು.

ಒಂದು ಕಾಲ್ಪನಿಕ ಕೇಂದ್ರವನ್ನೇ ತೆಗೆದುಕೊಳ್ಳಿ. ಮೂವರಿಗೆ ತಲಾ 6,000 ಗೌರವಧನ, ಕರೆಂಟು, ಬಾಡಿಗೆ, ಇಂಟರ್ನೆಟ್ಟಿಗೆ 9,000; ಒಟ್ಟು 27,000. ಜಾಹೀರಾತಿನಿಂದ 27,000 ಬರುತ್ತದೆ ಎಂದು ಬರೆದರೆ ಬಜೆಟ್ ಸರಿಹೊಂದಿತು. ಮೂರು ಲಕ್ಷದ ಟ್ರಾನ್ಸ್‌ಮಿಟರ್ ಎಂಟು ವರ್ಷ ಬಾಳುತ್ತದೆ ಎಂದುಕೊಂಡರೂ ತಿಂಗಳಿಗೆ 3,125 ಎತ್ತಿಡಬೇಕಲ್ಲ? ಆ ಸಾಲೇ ಇಲ್ಲ. ಸರ್ಕಾರಿ ಜಾಹೀರಾತಿನ ಬಿಲ್ ತಡವಾಗಿ ಕೈಗೆ 20,000 ಬಂದ ತಿಂಗಳು ಏನಾಗುತ್ತದೆ? ಕರೆಂಟು ಬಿಲ್ ಕಾಯುವುದಿಲ್ಲ, ಹುಡುಗಿಯರು ಕಾಯುತ್ತಾರೆ. ಸಿಡಿಲಿಗೆ ಟ್ರಾನ್ಸ್‌ಮಿಟರ್ ಸುಟ್ಟರೆ ಇನ್ನೂ ಕೆಲವು ತಿಂಗಳು ಕಾಯುತ್ತಾರೆ. (ಇದಕ್ಕೆ 'ಸೇವಾ ಮನೋಭಾವ' ಎಂಬ ಚೆಂದದ ಹೆಸರೂ ಇದೆ.)

ನನ್ನ ಪ್ರಕಾರ ಕಳೆದ ವರ್ಷ ಬ್ಯಾಂಕಿಗೆ ನಿಜವಾಗಿ ಬಿದ್ದ ಜಾಹೀರಾತಿನ ಹಣವನ್ನಷ್ಟೇ ಈ ವರ್ಷದ ಆದಾಯವೆಂದು ಬರೆಯಬೇಕು. ಸವಕಳಿಯ ಮೊತ್ತ ಬೇರೆ ಖಾತೆಗೆ ಮೊದಲು ಹೋಗಬೇಕು, ಗೌರವಧನ ಅದರ ಬೆನ್ನಿಗೇ. ಆಮೇಲೂ ಕೊರತೆ ಬಿದ್ದರೆ ಸಂಜೆಯ ಎರಡು ಗಂಟೆ ಪ್ರಸಾರ ನಿಲ್ಲಿಸಿ. ಕೇಳುಗರು ದೂರ ಸರಿಯುತ್ತಾರೆ ಎನ್ನುವಿರಾ? ಸರಿಯಬಹುದು. ಆದರೆ ಸಂಬಳ ಸಿಗದ ಹುಡುಗಿ ಬಿಟ್ಟುಹೋದ ಮೇಲೆ ಹಳೆಯ ಕಾರ್ಯಕ್ರಮವೇ ಮರುಪ್ರಸಾರವಾಗುತ್ತಿರುತ್ತದೆ, ಅದನ್ನು ಯಾರು ಕೇಳುತ್ತಾರೆ?